ವಾರ್ಷಿಕೋತ್ಸವದ ಭಾಷಣ: ಪ್ರಕಟಣೆಯಿಂದ ಮಾತಿಗೆ

ಪ್ರಶ್ನೆ: ನಾನು ಚನ್ನಗಿರಿ ಭಾಗದ ಸರ್ಕಾರಿ ಪ್ರೌಢಶಾಲೆಯೊಂದರ ಮುಖ್ಯ ಶಿಕ್ಷಕ. ಮುಂದಿನ ತಿಂಗಳು ನಮ್ಮ ಶಾಲಾ ವಾರ್ಷಿಕೋತ್ಸವ. ಕಳೆದ ವರ್ಷ ನಾನು ಭಾಷಣ ಓದುತ್ತಿದ್ದಾಗ ಪೋಷಕರು ತಮ್ಮತಮ್ಮಲ್ಲೇ ಮಾತನಾಡಿಕೊಳ್ಳುತ್ತಿದ್ದರು. ಈ ಸಲದ ಕರಡನ್ನೂ ಅದೇ ಧಾಟಿಯಲ್ಲಿ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಹೇಳಬೇಕಾದದ್ದೆಲ್ಲ ಇದರಲ್ಲಿದೆ, ಆದರೆ ಓದಿದರೆ ಸುತ್ತೋಲೆಯಂತೆ ಕೇಳಿಸುತ್ತದೆ. ಪೋಷಕರೊಡನೆ ಮನಸ್ಸು ಬಿಚ್ಚಿ ಮಾತನಾಡಿದಂತೆ ಆಗಬೇಕಾದರೆ ಇದನ್ನು ಹೇಗೆ ತಿದ್ದಲಿ?

ಉತ್ತರ: ಸರ್, ಕರಡನ್ನು ಓದಿದ ಮೇಲೆ ನಾನು ನಿಮಗೆ ಫೋನ್ ಮಾಡಿ ಒಂದೊಂದು ಅಂಶದ ಬಗ್ಗೆಯೂ ಕೇಳಿದೆ. ಆಗ ನೀವು ಹೇಳಿದ ಸಂಗತಿಗಳಲ್ಲೇ ಒಳ್ಳೆಯ ಭಾಷಣವಿತ್ತು. ನೀರಿನ ಪೈಪ್ ಎಳೆದುಕೊಟ್ಟ ತಂದೆಯೊಬ್ಬರ ಬಗ್ಗೆ, ಬೇಸಿಗೆ ರಜೆಯಲ್ಲಿ ಬಂದು ಗಣಿತ ಹೇಳಿಕೊಟ್ಟ ಶಿಕ್ಷಕಿಯ ಬಗ್ಗೆ, ಅಡಿಕೆ ಸುಲಿಯುವ ದಿನಗಳಲ್ಲಿ ಶಾಲೆಗೆ ಬಾರದ ಗೆಳತಿಯರಿಗಾಗಿ ನೋಟ್ಸ್ ಬರೆದಿಡುವ ಹುಡುಗಿಯರ ಬಗ್ಗೆ ನೀವು ಬಹಳ ಪ್ರೀತಿಯಿಂದ ಹೇಳಿದಿರಿ. ಕರಡಿನಲ್ಲಿ ಇವರಲ್ಲಿ ಒಬ್ಬರೂ ಇಲ್ಲ. ಅವರಿರಬೇಕಾದ ಕಡೆ "ಅಳವಡಿಸಲಾಗಿರುತ್ತದೆ", "ಹಮ್ಮಿಕೊಳ್ಳಲಾಗಿತ್ತು", "ಸೂಚಿಸಲಾಗಿದೆ" ಎಂಬ ಮಾತುಗಳಿವೆ. ತಿದ್ದುವ ಕೆಲಸ ಎಂದರೆ ಮುಖ್ಯವಾಗಿ ಆ ಜನರನ್ನು ವಾಕ್ಯಗಳೊಳಗೆ ವಾಪಸು ಕರೆತರುವುದು.

ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ನಿಮ್ಮ ಕರಡಿನಲ್ಲಿ ವಾರ್ಷಿಕ ವರದಿ, ಪೋಷಕರೊಡನೆ ಆಡುವ ಮಾತು ಎರಡೂ ಬೆರೆತುಹೋಗಿವೆ. ದಾಖಲಾತಿ, ಫಲಿತಾಂಶದ ಶೇಕಡಾವಾರು, ಪ್ರತಿಭಾ ಕಾರಂಜಿಯ ಬಹುಮಾನಗಳು, ದಾನಿಗಳ ಪಟ್ಟಿ, ಅನುದಾನದ ಖರ್ಚು ಎಲ್ಲವೂ ಇಲಾಖೆಗೆ ಮತ್ತು ದಾಖಲೆಗೆ ಬೇಕಾದ ಸಂಗತಿಗಳು. ಕ್ಷೇತ್ರ ಶಿಕ್ಷಣಾಧಿಕಾರಿಗಳು ವೇದಿಕೆಯ ಮೇಲೆ ಕುಳಿತಿರುತ್ತಾರೆ, ಯಾವುದೂ ಬಿಟ್ಟುಹೋಗಬಾರದು ಎಂಬ ಆತಂಕ ಸಹಜ. ಆದರೆ ಆ ಆತಂಕದಲ್ಲಿ ಬರೆದ ಭಾಷಣ ವೇದಿಕೆಯ ಕಡೆ ತಿರುಗಿಕೊಂಡಿರುತ್ತದೆ, ಶಾಮಿಯಾನದಲ್ಲಿ ಕುಳಿತವರಿಗೆ ಬೆನ್ನು ಮಾತ್ರ ಕಾಣುತ್ತದೆ. ಆದ್ದರಿಂದ ವರದಿಯನ್ನು ಬೇರೆ ಮಾಡಿ. ಕಾರ್ಯಕ್ರಮ ಪಟ್ಟಿಯಲ್ಲಿ "ವರದಿ ವಾಚನ" ಎಂದು ಪ್ರತ್ಯೇಕವಾಗಿ ಹಾಕಿ, ಹಿರಿಯ ಸಹಶಿಕ್ಷಕರೊಬ್ಬರು ಅದನ್ನು ನಾಲ್ಕು ನಿಮಿಷದಲ್ಲಿ ಓದಲಿ. ಅದರ ಪೂರ್ಣ ಪಾಠವನ್ನು ಒಂದು ಹಾಳೆಯಲ್ಲಿ ಮುದ್ರಿಸಿ ಅತಿಥಿಗಳ ಕೈಗೆ ಕೊಡಿ, ಸೂಚನಾ ಫಲಕಕ್ಕೂ ಅಂಟಿಸಿ. ಆಮೇಲೆ ನಿಮ್ಮ ಮಾತಿನಲ್ಲಿ ಏನು ಬಿಟ್ಟರೂ ಯಾರೂ ಆಕ್ಷೇಪಿಸಲಾರರು. ಈ ಒಂದು ಏರ್ಪಾಡಿನಿಂದಲೇ ನಿಮ್ಮ ಕರಡು ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಸಂಬೋಧನೆಯ ವಿಷಯ. "ವೇದಿಕೆಯನ್ನು ಅಲಂಕರಿಸಿರುವ" ಎಂದು ಶುರುವಾಗಿ ಹನ್ನೊಂದು ಮಂದಿಯ ಹೆಸರು, ಹುದ್ದೆಗಳು ಬರುತ್ತವೆ. ಹೆಸರು ಬಿಟ್ಟರೆ ನೋವಾಗುತ್ತದೆ ಎಂಬ ನಿಮ್ಮ ಮಾತು ನಿಜ, ಹಳ್ಳಿಯಲ್ಲಿ ಅದು ಸಣ್ಣ ವಿಷಯವಲ್ಲ. ಆದರೆ ಸ್ವಾಗತ ಭಾಷಣ ಮಾಡುವವರು ಅಷ್ಟೂ ಹೆಸರುಗಳನ್ನು ಹೇಳಿ, ಹೂವು ಕೊಟ್ಟಿರುತ್ತಾರೆ. ಕೊನೆಗೆ ವಂದನಾರ್ಪಣೆಯಲ್ಲೂ ಅವೇ ಹೆಸರುಗಳು ಬರುತ್ತವೆ. ನಡುವೆ ನೀವು ಅಧ್ಯಕ್ಷರನ್ನೂ ಉದ್ಘಾಟಕರನ್ನೂ ಸಂಬೋಧಿಸಿ, ಉಳಿದವರಿಗೆ ಒಟ್ಟಾಗಿ ನಮಸ್ಕರಿಸಿದರೆ ಸಾಕು. ಹೀಗೆ ಮಾಡುವುದಾಗಿ ಹಿಂದಿನ ದಿನವೇ ಅಧ್ಯಕ್ಷರಿಗೆ ಒಂದು ಮಾತು ತಿಳಿಸಿ. ಮೊದಲೇ ಕೇಳಿದರೆ ಯಾರೂ ಬೇಡವೆನ್ನುವುದಿಲ್ಲ.

ಪೋಷಕರನ್ನು ಕರೆಯುವ ಬಗೆಯನ್ನೂ ಬದಲಿಸಿ. "ಪೋಷಕ ಬಾಂಧವರೇ" ಎಂದಾಗ ಯಾರಿಗೂ ತಮ್ಮನ್ನೇ ಕರೆದಂತೆ ಅನಿಸುವುದಿಲ್ಲ. ಎದುರಿಗೆ ತಾಯಂದಿರಿರುತ್ತಾರೆ, ತಂದೆಯಂದಿರಿರುತ್ತಾರೆ, ದುಡಿಯಲು ಬೇರೆ ಊರಿಗೆ ಹೋದ ಮಗ ಸೊಸೆಯ ಬದಲಿಗೆ ಮೊಮ್ಮಗಳ ಕುಣಿತ ನೋಡಲು ಬಂದ ಅಜ್ಜಿ ಇರುತ್ತಾರೆ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗುವಿನ ಜೊತೆ ಸೋದರಮಾವ ಬಂದಿರುತ್ತಾರೆ. ಇವರೆಲ್ಲರನ್ನೂ ಕರೆಯಿರಿ. ಬರೀ "ತಂದೆ ತಾಯಿಯರೇ" ಎಂದರೆ ಆ ಮಗುವಿನ ಮನಸ್ಸಿಗೆ ಚುಚ್ಚುತ್ತದೆ.

ಈಗ ವಾಕ್ಯಗಳಿಗೆ ಬರುತ್ತೇನೆ. ನಿಮ್ಮ ಕರಡಿನ ಒಂದು ವಾಕ್ಯ ಹೀಗಿದೆ:

"ಎಸ್‌ಡಿಎಂಸಿ ಹಾಗೂ ದಾನಿಗಳ ಸಹಕಾರದೊಂದಿಗೆ ಸುಮಾರು 85,000 ರೂಪಾಯಿ ವೆಚ್ಚದಲ್ಲಿ ವಿದ್ಯಾರ್ಥಿಗಳ ಅನುಕೂಲಕ್ಕಾಗಿ ಶಾಲಾ ಆವರಣದಲ್ಲಿ ಶುದ್ಧ ಕುಡಿಯುವ ನೀರಿನ ಘಟಕವನ್ನು ಅಳವಡಿಸಲಾಗಿರುತ್ತದೆ."

ಕಾಗದದ ಮೇಲೆ ಇದರಲ್ಲಿ ತಪ್ಪಿಲ್ಲ. ಕಿವಿಗೆ ಬಿದ್ದಾಗ ಎರಡು ತೊಂದರೆಗಳಾಗುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಸಹಕಾರದೊಂದಿಗೆ, ವೆಚ್ಚದಲ್ಲಿ, ಅನುಕೂಲಕ್ಕಾಗಿ, ಆವರಣದಲ್ಲಿ ಎಂದು ಒಂದರ ಮೇಲೊಂದು ಹೇರುತ್ತ ಹೋದರೆ, ಏನಾಯಿತು ಎಂಬುದು ತಿಳಿಯುವವರೆಗೆ ಕೇಳುವವರು ಅಷ್ಟನ್ನೂ ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು. ಓದುವವರ ಕಣ್ಣು ಹಿಂದಕ್ಕೆ ಹೋಗಿ ಬರಬಲ್ಲದು, ಕೇಳುವವರಿಗೆ ಆ ಅನುಕೂಲವಿಲ್ಲ. ಅಂಥ ಮೂರು ವಾಕ್ಯಗಳಾಗುವಷ್ಟರಲ್ಲಿ ಅವರು ಕೈಬಿಡುತ್ತಾರೆ, ಪಕ್ಕದವರೊಡನೆ ಮಾತಿಗಿಳಿಯುತ್ತಾರೆ. ಎರಡನೆಯ ತೊಂದರೆ, "ಅಳವಡಿಸಲಾಗಿರುತ್ತದೆ" ಎಂದಾಗ ಅಳವಡಿಸಿದವರು ಯಾರು ಎಂಬುದೇ ಮರೆಯಾಗುತ್ತದೆ. ಹಣ ಕೂಡಿಸಿದವರು ಎದುರಿಗೇ ಕುಳಿತಿದ್ದಾರೆ. ತಮ್ಮ ಕೆಲಸವನ್ನು ತಮ್ಮ ಎದುರಿಗೇ, ಯಾರೂ ಮಾಡದೆ ತಾನಾಗಿ ಆಯಿತು ಎಂಬಂತೆ ಅವರು ಕೇಳಿಸಿಕೊಳ್ಳಬೇಕಾಗುತ್ತದೆ.

ತಿದ್ದುವಾಗ ನಾನು ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳುತ್ತೇನೆ. ಮೊದಲು ಹೇಗಿತ್ತು? ಈಗ ಏನಿದೆ? ಮಾಡಿದವರು ಯಾರು? ಮಗುವಿಗೆ ಏನಾಯಿತು? ಒಂದೊಂದು ಉತ್ತರಕ್ಕೆ ಒಂದೊಂದು ಸಣ್ಣ ವಾಕ್ಯ. ನೀವು ಫೋನಿನಲ್ಲಿ ಹೇಳಿದ್ದನ್ನೇ ಹೀಗೆ ಜೋಡಿಸಿದೆ:

"ಕಳೆದ ವರ್ಷ ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಮುಗಿದುಹೋಗುತ್ತಿತ್ತು. ಈಗ ಅಲ್ಲಿ, ಅಡುಗೆ ಕೋಣೆಯ ಪಕ್ಕದಲ್ಲಿ, ಶುದ್ಧ ನೀರಿನ ನಲ್ಲಿ ಇದೆ. ಅದಕ್ಕೆ ಹಣ ಕೂಡಿಸಿದವರು ನೀವು."

ವೆಚ್ಚದ ಮೊತ್ತವನ್ನು ಬಿಟ್ಟಿರುವುದನ್ನು ಗಮನಿಸಿ. ಅದು ವರದಿಯ ಹಾಳೆಯಲ್ಲಿದೆ. ವೇದಿಕೆಯಿಂದ ಮೊತ್ತ ಹೇಳಿದರೆ, ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಶಾಮಿಯಾನದಲ್ಲಿ ಶುರುವಾಗುತ್ತದೆ. ಐನೂರು ರೂಪಾಯಿ ಕೊಡಲು ಕಷ್ಟಪಟ್ಟವರಿಗೆ ಅದು ಹಿತವಲ್ಲ.

ಅಂಕಿಗಳೆಲ್ಲವೂ ಬೇಡವೆಂದಲ್ಲ. "ಹಾಜರಾದ 46 ವಿದ್ಯಾರ್ಥಿಗಳ ಪೈಕಿ 39 ಮಂದಿ ಉತ್ತೀರ್ಣರಾಗಿ ಶೇ 84.78 ಫಲಿತಾಂಶ ಬಂದಿರುತ್ತದೆ" ಎಂಬಲ್ಲಿ ಪೋಷಕರಿಗೆ ಬೇಕಾದದ್ದು ನಲವತ್ತಾರು ಮತ್ತು ಮೂವತ್ತೊಂಬತ್ತು. ದಶಾಂಶ ಸ್ಥಾನ ಅವರಿಗೆ ಏನನ್ನೂ ಹೇಳುವುದಿಲ್ಲ. ಅದೇ ರೀತಿ "ಶೇ 75 ಹಾಜರಾತಿ ಕಡ್ಡಾಯ" ಎಂಬ ನಿಯಮವನ್ನು "ಶಾಲೆ ನಡೆಯುವ ಪ್ರತಿ ನಾಲ್ಕು ದಿನಗಳಲ್ಲಿ ಮೂರು ದಿನ ಮಗು ಬರಲೇಬೇಕು" ಎಂದು ಹೇಳಿ. ಓದು ಬಾರದವರಿಗೂ ತಕ್ಷಣ ತಿಳಿಯುತ್ತದೆ. ಭಾಷಣದ ಪ್ರತಿಯಲ್ಲಿ ಸಂಖ್ಯೆಗಳನ್ನು ಅಕ್ಷರದಲ್ಲೇ ಬರೆದುಕೊಳ್ಳಿ. ಮೈಕ್ ಮುಂದೆ ಅಂಕಿಯನ್ನು ಕಂಡಾಗ ನಾಲಗೆ ಒಂದು ಕ್ಷಣ ತಡವರಿಸುತ್ತದೆ.

ಫಲಿತಾಂಶದ ಮಾತಿನಲ್ಲಿ ಇನ್ನೊಂದು ಎಚ್ಚರ ಬೇಕು. ಎಸ್‌ಎಸ್‌ಎಲ್‌ಸಿಯ ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಏಳು ಮಕ್ಕಳಲ್ಲಿ ಆರು ಮಂದಿ ಅದೇ ವರ್ಷದ ಮುಂದಿನ ಪರೀಕ್ಷೆಗಳಲ್ಲಿ ಪಾಸಾದರು ಎಂದು ಹೇಳಿದಿರಿ. ಹೆಮ್ಮೆಯ ಸಂಗತಿ. ಆದರೆ ವೇದಿಕೆಯಿಂದ "ಏಳರಲ್ಲಿ ಆರು" ಎಂದರೆ ಆ ಏಳನೆಯ ಮಗು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಆ ಮನೆಯವರೂ ಅಲ್ಲಿ ಕುಳಿತಿರಬಹುದು, ತಂಗಿಯೋ ತಮ್ಮನೋ ಅದೇ ಶಾಲೆಯಲ್ಲಿ ಓದುತ್ತಿರಬಹುದು. "ಹೆಚ್ಚಿನವರು" ಎಂದರೆ ಸಾಕು. ಮಕ್ಕಳ ಬಡತನದ ಕತೆಗಳಿಗೂ ಇದೇ ಮಾತು. "ಕೂಲಿ ಮಾಡುವವರ ಮಗಳು ತಾಲ್ಲೂಕಿಗೆ ಪ್ರಥಮ" ಎಂದು ಹೊಗಳುವುದು ನಮಗೆ ಅಭಿಮಾನದ ಮಾತಾಗಿ ಕಾಣುತ್ತದೆ, ಆ ಹುಡುಗಿ ತಲೆ ತಗ್ಗಿಸುತ್ತಾಳೆ. ಅವಳು ಮಾಡಿದ್ದನ್ನು ಹೇಳಿ, ಮನೆಯ ಸ್ಥಿತಿಯನ್ನು ಹೇಳಬೇಡಿ. ಪೈಪ್ ಎಳೆದ ತಂದೆಯನ್ನು ಎದ್ದು ನಿಲ್ಲಿಸಬೇಕೆಂಬ ನಿಮ್ಮ ಆಸೆ ಒಳ್ಳೆಯದೇ, ಆದರೆ ಮೊದಲು ಅವರನ್ನು ಕೇಳಿ. ಸಂಕೋಚದ ಮನುಷ್ಯರಾದರೆ ಆ ಸಾಲನ್ನು ತೆಗೆದುಬಿಡಿ.

ಫಲಿತಾಂಶ ಹೇಳುವಾಗಲೇ ಪೋಷಕರಿಗೆ ಉಪಯೋಗವಾಗುವ ಒಂದು ವಿಷಯವನ್ನೂ ಸೇರಿಸಬಹುದು. 2023-24ನೇ ಸಾಲಿನಿಂದ ಎಸ್‌ಎಸ್‌ಎಲ್‌ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಒಂದೆರಡು ವಿಷಯಗಳಲ್ಲಿ ತಪ್ಪಿದ ಮಗು ಅವಷ್ಟನ್ನೇ ಅದೇ ವರ್ಷದ ಮುಂದಿನ ಪರೀಕ್ಷೆಯಲ್ಲಿ ಬರೆಯಬಹುದು. ಇದು ತಿಳಿಯದ ಮನೆಗಳಲ್ಲಿ ಫಲಿತಾಂಶ ಬಂದ ದಿನವೇ ಓದು ನಿಂತುಹೋಗುತ್ತದೆ, ಹೆಣ್ಣುಮಕ್ಕಳ ವಿಷಯದಲ್ಲಂತೂ ಮುಂದಿನ ತೀರ್ಮಾನಗಳು ಬೇಗ ಆಗಿಬಿಡುತ್ತವೆ. ವಾರ್ಷಿಕೋತ್ಸವಕ್ಕೆ ಬರುವಷ್ಟು ತಾಯಂದಿರು ಪೋಷಕರ ಸಭೆಗೆ ಬರುವುದಿಲ್ಲ ಎಂದು ನೀವೇ ಹೇಳಿದಿರಿ. ಹಾಗಿದ್ದಮೇಲೆ ಇದನ್ನು ಹೇಳಲು ಈ ಸಂಜೆಗಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಇನ್ನು ಕೊನೆಯ ಭಾಗ. ಅಲ್ಲಿ ಪೋಷಕರಿಗೆ ಆರು ಸೂಚನೆಗಳಿವೆ: ಮಕ್ಕಳನ್ನು ತಪ್ಪದೆ ಕಳುಹಿಸುವುದು, ಮೊಬೈಲ್ ಕೊಡದಿರುವುದು, ಪೋಷಕರ ಸಭೆಗೆ ಹಾಜರಾಗುವುದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸುವುದು, ಸಮವಸ್ತ್ರ, ಮನೆಗೆಲಸದ ಮೇಲ್ವಿಚಾರಣೆ. ಆರೂ ನ್ಯಾಯವಾದವೇ. ಆದರೆ ಹಬ್ಬದ ಸಂಜೆ ಆರು ಸೂಚನೆಗಳನ್ನು ಕೇಳಿದವರು ಒಂದನ್ನೂ ಮನೆಗೆ ಒಯ್ಯುವುದಿಲ್ಲ. ಆಧಾರ್ ಜೋಡಣೆ ಚೀಟಿಯಲ್ಲಿ ಬರೆದು ಕಳುಹಿಸಬೇಕಾದ ವಿಷಯ, ಯಾವ ಮಗುವಿನದು ಬಾಕಿಯಿದೆಯೋ ಆ ಮಗುವಿನ ಕೈಗೇ ಚೀಟಿ ಕೊಡಿ. ಸಮವಸ್ತ್ರ, ಮೊಬೈಲ್ ವಿಷಯಗಳು ಪೋಷಕರ ಸಭೆಗೆ ಇರಲಿ. ವೇದಿಕೆಯಿಂದ ಒಂದನ್ನೇ ಕೇಳಿ.

ಯಾವುದನ್ನು ಕೇಳಬೇಕು? ನಾಳೆ ಬೆಳಿಗ್ಗೆಯೇ ಮಾಡಲಾಗುವಂತಿರಬೇಕು, ಖರ್ಚಿರಬಾರದು, ಓದು ಬಾರದವರೂ ಮಾಡಬಹುದಾಗಿರಬೇಕು, ಮಾಡಿದರೋ ಇಲ್ಲವೋ ಎಂಬುದು ನಿಮಗೆ ತಿಳಿಯಬೇಕು. "ಮಕ್ಕಳ ಶಿಕ್ಷಣದ ಬಗ್ಗೆ ಕಾಳಜಿ ವಹಿಸಿ" ಎಂಬುದು ಇದರಲ್ಲಿ ಒಂದಕ್ಕೂ ಒಗ್ಗುವುದಿಲ್ಲ. ನಿಮ್ಮ ಶಾಲೆಯ ದೊಡ್ಡ ತೊಂದರೆ ಅಡಿಕೆ ಕೊಯ್ಲಿನ ತಿಂಗಳುಗಳ ಗೈರುಹಾಜರಿ. ಅದನ್ನು ಕರಡಿನಲ್ಲಿ "ಗೈರುಹಾಜರಿ ಹೆಚ್ಚುತ್ತಿದ್ದು ಪೋಷಕರು ಗಮನಹರಿಸಬೇಕೆಂದು ಸೂಚಿಸಲಾಗಿದೆ" ಎಂದು ಬರೆದಿದ್ದೀರಿ. ಕೊಯ್ಲಿನಲ್ಲಿ ಮಗುವನ್ನು ಮನೆಯಲ್ಲಿ ಉಳಿಸಿಕೊಂಡ ತಾಯಿಗೆ ಇದು ಗದರಿಕೆಯಾಗಿ ಕೇಳಿಸುತ್ತದೆ, ಗದರಿಸಿಕೊಂಡವರು ಶಾಲೆಯ ಕಡೆ ಬರುವುದನ್ನೇ ತಪ್ಪಿಸುತ್ತಾರೆ. ಅದರ ಬದಲು, ಮಗು ಬಾರದ ದಿನ ಬೆಳಿಗ್ಗೆ ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ ಎಂದು ಕೇಳಿ. ಕಾರಣ ಹೇಳಲು ಫೋನ್ ಎತ್ತಿಕೊಂಡ ಮನೆ ಎರಡನೆಯ ದಿನವೂ ಮಗುವನ್ನು ಉಳಿಸಿಕೊಳ್ಳುವ ಮೊದಲು ಒಮ್ಮೆ ಯೋಚಿಸುತ್ತದೆ. ಯೋಚಿಸದಿದ್ದರೂ, ಮಗು ಎಲ್ಲಿದೆ ಎಂಬುದಾದರೂ ನಿಮಗೆ ತಿಳಿದಿರುತ್ತದೆ.

"ಇಂದಿನ ಮಕ್ಕಳೇ ನಾಳಿನ ಪ್ರಜೆಗಳು" ಎಂಬಂಥ ಸಾಲುಗಳನ್ನೂ ಆರಂಭದ ಸುಭಾಷಿತವನ್ನೂ ತೆಗೆದಿದ್ದೇನೆ. ಸುಭಾಷಿತ ಚೆನ್ನಾಗಿದೆ, ಆದರೆ ಅದನ್ನು ಯಾವ ಶಾಲೆಯಲ್ಲಿ ಬೇಕಾದರೂ ಹೇಳಬಹುದು. ನಿಮ್ಮ ನಲ್ಲಿಯ ಕತೆಯನ್ನು ನಿಮ್ಮ ಶಾಲೆಯಲ್ಲಿ ಮಾತ್ರ ಹೇಳಲು ಸಾಧ್ಯ.

ಇವೆಲ್ಲ ಸೇರಿ ಭಾಷಣ ಹೀಗಾಗಿದೆ. ಬರಹದ ಕನ್ನಡದಲ್ಲೇ ಕೊಟ್ಟಿದ್ದೇನೆ, ಆಡುವಾಗ ನಿಮ್ಮ ಊರಿನ ಮಾತಿಗೆ ತಿರುಗಿಸಿಕೊಳ್ಳಿ. ತರಗತಿಯಲ್ಲಿ ನೀವು ಹೇಗೆ ಮಾತನಾಡುತ್ತೀರೋ ಹಾಗೆ.

"ಎಲ್ಲರಿಗೂ ನಮಸ್ಕಾರ.

ಎಸ್‌ಡಿಎಂಸಿ ಅಧ್ಯಕ್ಷರೇ, ಕ್ಷೇತ್ರ ಶಿಕ್ಷಣಾಧಿಕಾರಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ಶಿಕ್ಷಕರು ಈಗಾಗಲೇ ನಿಮ್ಮನ್ನೆಲ್ಲ ಹೆಸರು ಹೇಳಿ ಸ್ವಾಗತಿಸಿದ್ದಾರೆ. ನನ್ನ ನಮಸ್ಕಾರವನ್ನೂ ಅದಕ್ಕೆ ಸೇರಿಸುತ್ತೇನೆ. ನಿಮ್ಮ ಅಪ್ಪಣೆ ಪಡೆದು, ಈಗ ಮುಂದೆ ಕುಳಿತಿರುವವರೊಡನೆ ಸ್ವಲ್ಪ ಹೊತ್ತು ಮಾತನಾಡುತ್ತೇನೆ.

ತಾಯಂದಿರೇ, ತಂದೆಯಂದಿರೇ, ಅಜ್ಜ ಅಜ್ಜಿಯರೇ, ತಂಗಿ ತಮ್ಮಂದಿರ ಕೈ ಹಿಡಿದುಕೊಂಡು ಬಂದಿರುವ ಅಕ್ಕಂದಿರೇ, ಅಣ್ಣಂದಿರೇ, ಸೋದರಮಾವಂದಿರೇ. ಹಿಂದೆ ನಿಂತಿರುವವರಿಗೂ ಕೇಳಿಸುತ್ತಿದೆಯೇ?

ಮಕ್ಕಳು ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾಯುತ್ತಿದ್ದಾರೆ. ನೀವು ತೋಟದ ಕೆಲಸ, ಮನೆಯ ಕೆಲಸ ಬೇಗ ಮುಗಿಸಿ ಬಂದಿರುವುದು ಅವರನ್ನು ನೋಡಲು. ನಾನು ಮೂರು ಸಂಗತಿ ಹೇಳುತ್ತೇನೆ, ಒಂದು ಮಾತು ಕೇಳುತ್ತೇನೆ, ಆಮೇಲೆ ವೇದಿಕೆ ಮಕ್ಕಳದು.

ಮೊದಲು ನೀರಿನ ವಿಷಯ. ಕಳೆದ ವರ್ಷ ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಅದು ಮುಗಿದುಹೋಗುತ್ತಿತ್ತು. ಈಗ ಅಲ್ಲಿ, ಅಡುಗೆ ಕೋಣೆಯ ಪಕ್ಕದಲ್ಲಿ, ಶುದ್ಧ ನೀರಿನ ನಲ್ಲಿ ಇದೆ. ಅದಕ್ಕೆ ಹಣ ಕೂಡಿಸಿದವರು ನೀವು. ಪೈಪ್ ಎಳೆಯಲು ನಮ್ಮ ಒಬ್ಬ ವಿದ್ಯಾರ್ಥಿನಿಯ ತಂದೆ ಎರಡು ಭಾನುವಾರ ತಮ್ಮ ಕೆಲಸ ಬಿಟ್ಟು ಬಂದರು. ಕೂಲಿ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅವರು ಇಲ್ಲಿದ್ದಾರೆ. ಅವರಿಗೆ ನಾವೆಲ್ಲ ಒಮ್ಮೆ ಚಪ್ಪಾಳೆ ತಟ್ಟೋಣ.

ಎರಡನೆಯದು ಹತ್ತನೇ ತರಗತಿಯ ವಿಷಯ. ಕಳೆದ ಸಲ ನಲವತ್ತಾರು ಮಕ್ಕಳು ಪರೀಕ್ಷೆ ಬರೆದರು. ಮೊದಲ ಪರೀಕ್ಷೆಯಲ್ಲೇ ಮೂವತ್ತೊಂಬತ್ತು ಮಕ್ಕಳು ಪಾಸಾದರು. ಉಳಿದವರು ಏನು ಮಾಡಿದರು ಗೊತ್ತೇ? ಬೇಸಿಗೆ ರಜೆಯಲ್ಲಿ, ಆ ಬಿಸಿಲಿನಲ್ಲಿ, ಮತ್ತೆ ಶಾಲೆಗೆ ಬಂದರು. ನಮ್ಮ ಗಣಿತದ ಮೇಡಂ ತಮ್ಮ ರಜೆ ಬಿಟ್ಟು ಅವರಿಗೆ ಪಾಠ ಹೇಳಿದರು. ಆ ಮಕ್ಕಳಲ್ಲಿ ಹೆಚ್ಚಿನವರು ಇಂದು ಮುಂದಕ್ಕೆ ಓದುತ್ತಿದ್ದಾರೆ. ಈ ಮಾತನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಈಗ ವರ್ಷಕ್ಕೆ ಒಂದೇ ಪರೀಕ್ಷೆಯಲ್ಲ, ಮತ್ತೆ ಬರೆಯಲು ಅವಕಾಶವಿದೆ. ನಿಮ್ಮ ಮಗ ಅಥವಾ ಮಗಳು ಒಂದು ವಿಷಯದಲ್ಲಿ ತಪ್ಪಿದರೆ ಅದೊಂದನ್ನು ಮಾತ್ರ ಮತ್ತೆ ಬರೆಯಬಹುದು. ಫಲಿತಾಂಶ ಬಂದ ದಿನ ಮನೆಯಲ್ಲಿ ಯಾವ ತೀರ್ಮಾನವನ್ನೂ ಮಾಡಬೇಡಿ. ಮಗುವಿಗೆ ಬೈಯಬೇಡಿ. ಮಗುವನ್ನು ಕರೆದುಕೊಂಡು ನಮ್ಮ ಹತ್ತಿರ ಬನ್ನಿ. ಮುಂದಿನದನ್ನು ನಾವು ಹೇಳುತ್ತೇವೆ.

ಮೂರನೆಯದನ್ನು ನಾನು ಅಕಸ್ಮಾತ್ತಾಗಿ ನೋಡಿದೆ. ಅಡಿಕೆ ಸುಲಿಯುವ ದಿನಗಳಲ್ಲಿ ಒಂದು ಮಧ್ಯಾಹ್ನ ಒಂಬತ್ತನೇ ತರಗತಿಯ ಕಡೆ ಹೋದೆ. ಊಟ ಮುಗಿಸಿದ ನಾಲ್ಕಾರು ಹುಡುಗಿಯರು ಆಟಕ್ಕೆ ಹೋಗದೆ ಬರೆಯುತ್ತ ಕುಳಿತಿದ್ದರು. ಒಬ್ಬೊಬ್ಬರ ಮುಂದೆ ಎರಡೆರಡು ಪುಸ್ತಕ. ಏನಮ್ಮಾ ಇದು ಎಂದು ಕೇಳಿದೆ. 'ಸರ್, ಇದು ನನ್ನದು, ಇದು ಶಾಲೆಗೆ ಬಾರದವಳದು' ಎಂದಳು ಒಬ್ಬಳು. ಗೆಳತಿ ಬರುವವರೆಗೆ ಅವಳ ಪಾಠ ನಿಲ್ಲಬಾರದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥ ಮಕ್ಕಳನ್ನು ಬೆಳೆಸಿದವರು ನೀವು. ನಿಮಗೆ ನನ್ನ ನಮಸ್ಕಾರ.

ಈಗ ನಾನು ಕೇಳುವ ಒಂದು ಮಾತು. ಕೊಯ್ಲು ಬಂದಾಗ ಮನೆಯಲ್ಲಿ ಕೈ ಸಾಲದು. ನಾನೂ ರೈತರ ಮನೆಯಲ್ಲೇ ಹುಟ್ಟಿದವನು, ಅದು ನನಗೆ ಗೊತ್ತು. ಆದರೂ ಶಾಲೆ ನಡೆಯುವ ಪ್ರತಿ ನಾಲ್ಕು ದಿನಗಳಲ್ಲಿ ಮೂರು ದಿನ ಮಗು ಬರಲೇಬೇಕು. ಇಲ್ಲದಿದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಕೂರುವುದೇ ಕಷ್ಟವಾಗುತ್ತದೆ. ಆದ್ದರಿಂದ ಮಗು ಶಾಲೆಗೆ ಬಾರದ ದಿನ, ಬೆಳಿಗ್ಗೆ ಹತ್ತು ಗಂಟೆಯೊಳಗೆ, ತರಗತಿ ಶಿಕ್ಷಕರಿಗೆ ಒಂದು ಫೋನ್ ಮಾಡಿ. 'ಇವತ್ತು ಬರುವುದಿಲ್ಲ, ನಾಳೆ ಕಳಿಸುತ್ತೇನೆ' ಎಂದರೆ ಸಾಕು. ಯಾರೂ ನಿಮ್ಮನ್ನು ಗದರುವುದಿಲ್ಲ. ಶಿಕ್ಷಕರ ನಂಬರನ್ನು ನಿಮ್ಮ ಮಗುವಿನ ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆಸಿದ್ದೇವೆ. ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಆ ಪುಟವನ್ನು ಮಗುವಿನ ಕೈಯಲ್ಲಿ ತೆಗೆಸಿ, ನಂಬರನ್ನು ನಿಮ್ಮ ಮೊಬೈಲ್‌ನಲ್ಲಿ ಸೇರಿಸಿಕೊಳ್ಳಿ. ಮರೆಯಬೇಡಿ.

ನನ್ನ ಮಾತು ಮುಗಿಯಿತು. ಮಕ್ಕಳು ಬರಲಿ."

ಕೊನೆಯಲ್ಲಿ ಮತ್ತೊಮ್ಮೆ ಎಲ್ಲರಿಗೂ ಧನ್ಯವಾದ ಹೇಳುವ ಅಭ್ಯಾಸ ನಿಮ್ಮ ಕರಡಿನಲ್ಲೂ ಇದೆ. ವಂದನಾರ್ಪಣೆ ಬೇರೆ ಇರುವುದರಿಂದ ಅದನ್ನು ಬಿಟ್ಟಿದ್ದೇನೆ. ಬೇಡಿಕೆ ಹೇಳಿದ ಮೇಲೆ ಅದರ ಮೇಲೆ ಇನ್ನೇನನ್ನೂ ಪೇರಿಸಬಾರದು.

ಬಿಡಿಸಿ ಬಿಡಿಸಿ ಹೇಳಿದರೆ ನಿಮಿಷಕ್ಕೆ 80ರಿಂದ 100 ಪದಗಳು ಸಾಗುತ್ತವೆ. ಚಪ್ಪಾಳೆ, ನಿಲುಗಡೆಗಳೂ ಸೇರಿ ಈ ಭಾಷಣಕ್ಕೆ ಐದರಿಂದ ಏಳು ನಿಮಿಷ ಹಿಡಿಯಬೇಕು. ಗಡಿಯಾರ ಮುಂದಿಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲೇ ಓದಿದರೆ ಲೆಕ್ಕ ತಪ್ಪುತ್ತದೆ. ಓದುವಾಗ ಎಲ್ಲಿ ಉಸಿರು ಸಾಲದೆ ಹೋಗುತ್ತದೋ ಆ ವಾಕ್ಯವನ್ನು ಎರಡಾಗಿ ಒಡೆಯಿರಿ. ಆಮೇಲೆ ದೊಡ್ಡ ಅಕ್ಷರದಲ್ಲಿ, ಸಾಲಿಗೊಂದೇ ವಾಕ್ಯದಂತೆ ಮುದ್ರಿಸಿಕೊಳ್ಳಿ. ಮೊದಲ ನಾಲ್ಕು ವಾಕ್ಯಗಳು, ನೋಟ್ಸ್ ಬರೆಯುವ ಹುಡುಗಿಯರ ಪ್ರಸಂಗ, ಕೊನೆಯ ಬೇಡಿಕೆ, ಈ ಮೂರನ್ನು ಕಾಗದ ನೋಡದೆ ಹೇಳುವಷ್ಟು ಅಭ್ಯಾಸ ಮಾಡಿ. ಉಳಿದದ್ದನ್ನು ಇಣುಕಿ ನೋಡಿಕೊಂಡರೆ ಯಾರಿಗೂ ತೊಂದರೆಯಿಲ್ಲ.

"ಹಿಂದೆ ನಿಂತಿರುವವರಿಗೂ ಕೇಳಿಸುತ್ತಿದೆಯೇ" ಎಂದು ಕೇಳಿದ ಮೇಲೆ ನಿಜವಾಗಿಯೂ ಉತ್ತರಕ್ಕೆ ಕಾಯಿರಿ. ಯಾರಾದರೂ ಕೈ ಎತ್ತುತ್ತಾರೆ, ಇಲ್ಲವೇ ಕೇಳಿಸುತ್ತಿಲ್ಲ ಎನ್ನುತ್ತಾರೆ. ಇಲ್ಲ ಎಂದರೆ ಮೈಕ್ ಸರಿಪಡಿಸುವವರೆಗೆ ಮುಂದುವರಿಯಬೇಡಿ. ಮುಖ್ಯ ಅತಿಥಿಗಳು ತಡವಾಗಿ, ನಿಮ್ಮ ಮಾತಿನ ನಡುವೆ ಬಂದರೆ ನಿಲ್ಲಿಸಿ, ಅವರು ಕುಳಿತ ಮೇಲೆ ಬಿಟ್ಟಲ್ಲಿಂದಲೇ ಶುರುಮಾಡಿ. ಅವರಿಗಾಗಿ ಮೊದಲಿನಿಂದ ಹೇಳುವುದು ಬೇಡ. ಕಾರ್ಯಕ್ರಮವೇ ಒಂದು ಗಂಟೆ ತಡವಾಗಿ, ಕತ್ತಲಾಗಿ, ಚಿಕ್ಕ ಮಕ್ಕಳು ಅಳತೊಡಗಿದರೆ ಮೂರು ಸಂಗತಿಗಳಲ್ಲಿ ನೀರಿನದನ್ನು ಬಿಟ್ಟುಬಿಡಿ. ಮತ್ತೆ ಪರೀಕ್ಷೆ ಬರೆಯಬಹುದೆಂಬ ಮಾತನ್ನೂ ಫೋನಿನ ಬೇಡಿಕೆಯನ್ನೂ ಮಾತ್ರ ಬಿಡಬೇಡಿ.

ಕೊನೆಯದಾಗಿ, ಇದು ವೇದಿಕೆಯ ಹೊರಗಿನ ಕೆಲಸ. ವಾರ್ಷಿಕೋತ್ಸವಕ್ಕೆ ಒಂದು ವಾರ ಮೊದಲು ಎಲ್ಲ ನೋಟ್ ಪುಸ್ತಕಗಳಲ್ಲೂ ತರಗತಿ ಶಿಕ್ಷಕರ ನಂಬರ್ ಬರೆಸಿರಬೇಕು. ತಮ್ಮ ನಂಬರ್ ಕೊಡಲು ಆ ಶಿಕ್ಷಕರ ಒಪ್ಪಿಗೆಯನ್ನೂ ಪಡೆದಿರಬೇಕು. ಫೋನ್ ಬಂದಾಗ ಹೇಗೆ ಉತ್ತರಿಸಬೇಕು ಎಂಬುದನ್ನು ಎಲ್ಲರೂ ಕುಳಿತು ಮಾತನಾಡಿಕೊಳ್ಳಿ. ಮೊದಲ ಸಲ ಫೋನ್ ಮಾಡಿದ ತಾಯಿಗೆ "ಯಾಕೆ ಕಳಿಸಲಿಲ್ಲ?" ಎಂಬ ಪ್ರಶ್ನೆ ಎದುರಾದರೆ ಆ ಮನೆಯಿಂದ ಎರಡನೆಯ ಫೋನ್ ಬರುವುದಿಲ್ಲ, ಸುದ್ದಿ ಬೀದಿಯಲ್ಲೂ ಹರಡುತ್ತದೆ. "ತಿಳಿಸಿದ್ದು ಒಳ್ಳೆಯದಾಯಿತು, ಇವತ್ತಿನ ಪಾಠವನ್ನು ಪಕ್ಕದವಳ ಹತ್ತಿರ ಕೊಟ್ಟು ಕಳಿಸುತ್ತೇವೆ, ನಾಳೆ ಕಳಿಸಿ" ಎಂದು ಹೇಳಿದರೆ ಸಾಕು. ಮುಂದಿನ ಎರಡು ವಾರ ಯಾವ ತರಗತಿಗೆ ಎಷ್ಟು ಫೋನ್ ಬಂದವು ಎಂದು ಹಾಜರಿ ಪುಸ್ತಕದ ಪಕ್ಕದಲ್ಲೇ ಗುರುತು ಹಾಕಿಕೊಳ್ಳಲು ಹೇಳಿ. ಗೈರಾದ ಮಕ್ಕಳಲ್ಲಿ ಅರ್ಧದಷ್ಟು ಮನೆಗಳಿಂದಾದರೂ ಫೋನ್ ಬರುತ್ತಿದ್ದರೆ ನಿಮ್ಮ ಮಾತು ಅವರನ್ನು ಮುಟ್ಟಿದೆ ಎಂದು ತಿಳಿಯಿರಿ. ಬಾರದಿದ್ದರೆ ಬೇಡಿಕೆ ತಲುಪಿಲ್ಲ. ಆಗ ಅದೇ ಮಾತನ್ನು, ಇಷ್ಟೇ ಚಿಕ್ಕದಾಗಿ, ಮುಂದಿನ ಪೋಷಕರ ಸಭೆಯಲ್ಲಿ ಮತ್ತೊಮ್ಮೆ ಹೇಳಿ.